ಟಿಕೆಟ್ಟಿನ ಮೇಲಿನ ಅಕ್ಷರಗಳು

ಮೈಸೂರಿನಲ್ಲಿ ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ಮರುದಿನ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯಬಹುದು. ಹಂಪಿ ಅಲ್ಲಿಂದ ಹದಿಮೂರು ಕಿಲೋಮೀಟರ್ ದೂರ. ಅರಮನೆ ನೋಡಿ ಹಂಪಿಗೆ ಹೊರಡುವ ಪ್ರವಾಸಿಗಳಿಗೆ ಇದು ಅನುಕೂಲದ ರಾತ್ರಿ ಗಾಡಿ. ಆದರೆ ಮೊದಲ ಸಲ ಟಿಕೆಟ್ ಕಾಯ್ದಿರಿಸುವವರು ಪರದೆಯ ಮೇಲೆ `SL`, `3A`, `GNWL 32/WL 14` ಎಂಬ ಬರಹ ಕಂಡು ಗಲಿಬಿಲಿಗೊಳ್ಳುವುದು ಸಹಜ. ಇವುಗಳಲ್ಲಿ ಮೊದಲ ಎರಡು ದರ್ಜೆಯನ್ನು ಹೇಳುತ್ತವೆ, ಮೂರನೆಯದು ಸಿಗಬಹುದಾದ ಜಾಗವನ್ನು.

ರಾತ್ರಿ ಗಾಡಿಗಳಲ್ಲಿ ಮಲಗುವ ಜಾಗವಿರುವ ದರ್ಜೆಗಳು ಮುಖ್ಯವಾಗಿ ನಾಲ್ಕು. `SL` ಎಂದರೆ ಸ್ಲೀಪರ್: ಎಸಿ ಇಲ್ಲ, ಕಿಟಕಿ ತೆರೆದಿರುತ್ತದೆ, ಹೊದಿಕೆಯನ್ನು ಮನೆಯಿಂದಲೇ ತರಬೇಕು. `3A` ಎಂದರೆ ಮೂರು ಅಂತಸ್ತಿನ ಎಸಿ, `2A` ಎಂದರೆ ಎರಡು ಅಂತಸ್ತಿನ ಎಸಿ. `1A` ಬಾಗಿಲು ಹಾಕಿಕೊಳ್ಳುವ ಕೋಣೆಗಳ ಮೊದಲ ದರ್ಜೆ. ಅದು ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ಹಗಲು ಗಾಡಿಗಳಲ್ಲಿ ಕಾಣುವ `CC` ಎಸಿ ಕುರ್ಚಿಯ ಬೋಗಿ, `2S` ಎಸಿ ಇಲ್ಲದ ಕುಳಿತುಕೊಳ್ಳುವ ಬೋಗಿ. ಬೋಗಿಯ ಹೊರಗೆ ಬರೆದಿರುವ ಗುರುತು ಬೇರೆ: `S5` ಎಂದರೆ ಐದನೆಯ ಸ್ಲೀಪರ್ ಬೋಗಿ, `B2` ಎಂದರೆ ಎರಡನೆಯ ಮೂರು ಅಂತಸ್ತಿನ ಎಸಿ, `A1` ಎರಡು ಅಂತಸ್ತಿನದು.

ಬೋಗಿಯ ಒಳಗಿನ ಲೆಕ್ಕ ಸರಳ. ಸ್ಲೀಪರ್ ಮತ್ತು `3A` ಬೋಗಿಗಳಲ್ಲಿ ಎಂಟೆಂಟು ಬರ್ತ್‌ಗಳಿಗೆ ಒಂದು ಅಂಕಣ. ಅಂಕಣದ ಒಂದು ಗೋಡೆಗೆ ಕೆಳಗಿನದು, ನಡುವಿನದು, ಮೇಲಿನದು. ಎದುರಿನ ಗೋಡೆಗೆ ಮತ್ತೆ ಅದೇ ಮೂರು. ಓಡಾಡುವ ದಾರಿಯ ಆಚೆ, ಕಿಟಕಿಗೆ ಉದ್ದುದ್ದವಾಗಿ, ಪಕ್ಕದ ಕೆಳಗಿನದು ಮತ್ತು ಪಕ್ಕದ ಮೇಲಿನದು. ಬರ್ತ್ ಸಂಖ್ಯೆಯನ್ನು ಎಂಟರಿಂದ ಭಾಗಿಸಿ ಉಳಿಯುವ ಶೇಷ ನೋಡಿದರೆ ಜಾಗ ತಿಳಿಯುತ್ತದೆ. ಶೇಷ 1 ಅಥವಾ 4 ಆದರೆ ಕೆಳಗಿನದು, 2 ಅಥವಾ 5 ಆದರೆ ನಡುವಿನದು, 3 ಅಥವಾ 6 ಆದರೆ ಮೇಲಿನದು, 7 ಆದರೆ ಪಕ್ಕದ ಕೆಳಗಿನದು, ಏನೂ ಉಳಿಯದಿದ್ದರೆ ಪಕ್ಕದ ಮೇಲಿನದು. `S5` ಬೋಗಿಯ 31ನೆಯ ಬರ್ತ್ ಸಿಕ್ಕವರಿಗೆ ಎಂಟು ಮೂರಲ ಇಪ್ಪತ್ತನಾಲ್ಕು ಕಳೆದು ಏಳು ಉಳಿಯಿತು. ಅದು ಪಕ್ಕದ ಕೆಳಗಿನದು. ಟಿಕೆಟ್ಟಿನಲ್ಲಿ ಇದನ್ನು `SL` ಎಂದೇ ಬರೆದಿರುತ್ತಾರೆ. ಸ್ಲೀಪರ್ ದರ್ಜೆಗೂ ಅದೇ `SL`! ಅಕ್ಷರ ಒಂದೇ ಆದ್ದರಿಂದ ಅದು ದರ್ಜೆಯ ಜಾಗದಲ್ಲಿದೆಯೋ ಬರ್ತ್ ಸಂಖ್ಯೆಯ ಪಕ್ಕದಲ್ಲಿದೆಯೋ ಎಂದು ನೋಡಿಕೊಳ್ಳಬೇಕು.

ನಡುವಿನ ಬರ್ತ್ ಹಗಲಿನಲ್ಲಿ ಗೋಡೆಗೆ ಮಡಚಿಕೊಂಡಿರುತ್ತದೆ, ಇಲ್ಲದಿದ್ದರೆ ಕೆಳಗೆ ಕುಳಿತವರ ತಲೆಗೆ ತಾಗುತ್ತದೆ. ಮಲಗುವ ಹೊತ್ತು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಂಬುದು ರೈಲ್ವೆಯ ನಿಯಮ. ಆ ಹೊತ್ತಿನಲ್ಲಿ ನಡುವಿನ ಬರ್ತ್‌ನವರು ಅದನ್ನು ಬಿಡಿಸಿಕೊಳ್ಳುವ ಹಕ್ಕುಳ್ಳವರು; ಅದರ ಹೊರಗೆ ಕೆಳಗಿನ ಬರ್ತ್‌ನವರು ಉಳಿದವರಿಗೆ ಕೂರಲು ಜಾಗ ಕೊಡಬೇಕು. ಕೆಳಗಿನ ಬರ್ತ್ ಬೇಕೆಂದು ಕೇಳಿಕೊಳ್ಳಬಹುದು, ಆದರೆ ಅದು ಕೋರಿಕೆ ಮಾತ್ರ, ಖಾತರಿಯಲ್ಲ. `2A` ಬೋಗಿಯಲ್ಲಿ ನಡುವಿನ ಬರ್ತ್ ಇಲ್ಲ, ಆರಾರಕ್ಕೆ ಒಂದು ಅಂಕಣ.

ಇನ್ನು ವೇಟಿಂಗ್ ಲಿಸ್ಟ್. ಖಾಲಿ ಬರ್ತ್ ಇದ್ದರೆ ಟಿಕೆಟ್ಟಿನಲ್ಲಿ `CNF` ಎಂದು ಬಂದು ಕೆಲಸ ಮುಗಿಯುತ್ತದೆ. ಬರ್ತ್‌ಗಳೆಲ್ಲ ಹೋದ ಮೇಲೆ ಬರುವುದು `RAC`. ಇದನ್ನು ಅರ್ಧ ದಕ್ಕಿದ ಟಿಕೆಟ್ ಎನ್ನಬಹುದು: ಪಕ್ಕದ ಕೆಳಗಿನ ಒಂದೇ ಬರ್ತ್ ಇಬ್ಬರಿಗೆ ಸೇರಿರುತ್ತದೆ, ಇಬ್ಬರೂ ಅದರ ಮೇಲೆ ಎದುರುಬದುರಾಗಿ ಕುಳಿತು ಹೋಗಬೇಕು. ಗಾಡಿ ಹತ್ತುವ ಹಕ್ಕು ಮಾತ್ರ ಪೂರ್ತಿ ಇದೆ. ಹೊರಟ ಮೇಲೂ ಯಾರಾದರೂ ಬಾರದೆ ಬರ್ತ್ ಖಾಲಿ ಉಳಿದರೆ ಟಿಕೆಟ್ ಪರೀಕ್ಷಕರು ಅದನ್ನು `RAC`ನವರಿಗೆ ಸರದಿಯ ಪ್ರಕಾರ ಕೊಡುತ್ತಾರೆ.

`RAC` ಕೂಡ ಮುಗಿದ ಮೇಲೆ ವೇಟಿಂಗ್ ಲಿಸ್ಟ್ ಶುರು. `GNWL 32/WL 14` ಎಂಬಲ್ಲಿ ಎರಡು ಸಂಖ್ಯೆಗಳಿವೆ. 32 ಎಂಬುದು ಟಿಕೆಟ್ ಕೊಂಡವರ ಸರದಿ ಸಂಖ್ಯೆ; ಒಮ್ಮೆ ಬರೆದ ಮೇಲೆ ಅದು ಎಂದೂ ಇಳಿಯುವುದಿಲ್ಲ. 14 ಎಂಬುದು ಈಗಿನ ಸ್ಥಾನ. ಎಂದರೆ, ಮುಂದಿದ್ದವರಲ್ಲಿ ಹದಿನೆಂಟು ಮಂದಿ ಟಿಕೆಟ್ ರದ್ದು ಮಾಡಿದ್ದರಿಂದಲೋ ಬಡ್ತಿ ಪಡೆದದ್ದರಿಂದಲೋ ಸಾಲು ಕರಗಿದೆ. ಹೊಸಬರು ಮೊದಲ ಸಂಖ್ಯೆ ನೋಡಿ ಗಾಬರಿಯಾಗುವುದುಂಟು, ನೋಡಬೇಕಾದದ್ದು ಎರಡನೆಯದು.

ಅದಕ್ಕಿಂತಲೂ ಮುಖ್ಯವಾದದ್ದು ಸಂಖ್ಯೆಗೆ ಮೊದಲು ಬರುವ ಅಕ್ಷರ. `GNWL` ಸಾಮಾನ್ಯ ಪಟ್ಟಿ. ಗಾಡಿ ಹೊರಡುವ ಊರಿನಿಂದ ಅಥವಾ ಅದರ ಸಮೀಪದಿಂದ ದೂರಕ್ಕೆ ಹೋಗುವವರಿಗೆ ಇದು ಸಿಗುತ್ತದೆ, ಗಾಡಿಯ ಬಹುಪಾಲು ಬರ್ತ್‌ಗಳ ರದ್ದತಿ ಇದರ ಪಾಲಿಗೇ ಬರುವುದರಿಂದ ಬೇಗ ಇಳಿಯುತ್ತದೆ. `PQWL` ನಡುವಿನ ಊರುಗಳಲ್ಲಿ ಹತ್ತಿ ಇಳಿಯುವ ಹಲವರಿಗೆ ಸೇರಿಸಿ ಇಟ್ಟಿರುವ ಸಣ್ಣ ಕೋಟಾ. `RLWL` ದಾರಿಯ ಒಂದು ಮುಖ್ಯ ನಿಲ್ದಾಣಕ್ಕೆ ಇಟ್ಟಿರುವ ಕೋಟಾ. ಕೋಟಾ ಸಣ್ಣದಾದಷ್ಟೂ ರದ್ದಾಗುವ ಟಿಕೆಟ್‌ಗಳು ಕಡಿಮೆ, ಹಾಗಾಗಿ `PQWL 5` ಕಿಂತ `GNWL 20` ಹೆಚ್ಚು ಭರವಸೆಯದಾಗಿರಬಹುದು. `TQWL` ತತ್ಕಾಲ್ ಪಟ್ಟಿ. ಅದು `RAC`ಗೆ ಇಳಿಯುವುದಿಲ್ಲ, ದಕ್ಕಿದರೆ ಪೂರ್ತಿ ಬರ್ತ್, ಇಲ್ಲದಿದ್ದರೆ ಏನೂ ಇಲ್ಲ.

ಬೆಂಗಳೂರಿನಲ್ಲಿ ಹತ್ತುವವರಿಗೆ ನಡುವಿನ ಊರಿನ ಪಟ್ಟಿ ಬಂದು ಅದು ಕದಲುವ ಲಕ್ಷಣ ಕಾಣದಿದ್ದರೆ, ಕೆಲವರು ಮೈಸೂರಿನಿಂದಲೇ ಟಿಕೆಟ್ ಕೊಂಡು ಹತ್ತುವ ನಿಲ್ದಾಣವನ್ನು ಬೆಂಗಳೂರು ಎಂದು ಬರೆಸುತ್ತಾರೆ. ಹೆಚ್ಚಿನ ದೂರದ ಹಣ ಕೊಟ್ಟರೂ ಸಾಮಾನ್ಯ ಪಟ್ಟಿಯ ಸಾಲು ಸಿಗುತ್ತದೆ. ಹಾಗೆ ಬರೆಸಿದ ಮೇಲೆ ಮೈಸೂರಿನಲ್ಲಿ ಹತ್ತುವ ಹಕ್ಕು ಇರುವುದಿಲ್ಲ.

ಕೊನೆಯ ತೀರ್ಮಾನ ಚಾರ್ಟ್‌ನಲ್ಲಿ. ಹಿಂದೆ ಗಾಡಿ ಹೊರಡುವ ನಾಲ್ಕು ಗಂಟೆ ಮೊದಲು ಆಗುತ್ತಿದ್ದ ಇದು 2025ರಿಂದ ಇನ್ನೂ ಹಲವು ಗಂಟೆ ಮುಂಚೆಯೇ ಆಗುತ್ತದೆ. ತುರ್ತಿಗೆಂದು ಎತ್ತಿಟ್ಟ ಕೋಟಾದಲ್ಲಿ ಬಳಕೆಯಾಗದ ಬರ್ತ್‌ಗಳು ಚಾರ್ಟ್ ಹೊತ್ತಿಗೆ ಬಿಡುಗಡೆಯಾಗುವುದರಿಂದ, ದಿನಗಟ್ಟಲೆ ನಿಂತಿದ್ದ ಪಟ್ಟಿ ಒಮ್ಮೆಗೇ ಹತ್ತು ಹದಿನೈದು ಸ್ಥಾನ ಇಳಿಯುವುದೂ ಉಂಟು. ಟಿಕೆಟ್ಟಿನ ಹತ್ತು ಅಂಕಿಯ ಪಿಎನ್‌ಆರ್ ಹಾಕಿ ನೋಡಿದರೆ ಫಲಿತಾಂಶ ಕಾಣುತ್ತದೆ. ಮೈಸೂರಿನ 14ನೆಯ ಸ್ಥಾನ ಹಿಂದಿನ ದಿನ `RAC 5` ಆಗಿ, ಚಾರ್ಟ್ ಹೊತ್ತಿಗೆ `CNF`, `S5`, 31 ಆಗಿ ನಿಂತರೆ ಆ ಪ್ರಯಾಣಿಕರಿಗೆ ಪಕ್ಕದ ಕೆಳಗಿನ ಬರ್ತ್ ಪೂರ್ತಿಯಾಗಿ ದಕ್ಕಿತು.

ಚಾರ್ಟ್ ಆದ ಮೇಲೂ ಎಲ್ಲರ ಹೆಸರೂ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ, ಆನ್‌ಲೈನ್‌ನಲ್ಲಿ ಕೊಂಡ ಟಿಕೆಟ್ ತಾನಾಗಿ ರದ್ದಾಗಿ ಹಣ ಖಾತೆಗೆ ಮರಳುತ್ತದೆ. ಅದನ್ನು ಹಿಡಿದು ಗಾಡಿ ಹತ್ತಿದರೆ ಟಿಕೆಟ್ ಇಲ್ಲದವರ ಸಾಲಿಗೆ ಸೇರುತ್ತಾರೆ. ಕೌಂಟರಿನಲ್ಲಿ ಕೊಂಡ ಕಾಗದದ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ಆದರೆ ಅದರಿಂದ ಸ್ಲೀಪರ್ ಬೋಗಿಗೂ ಎಸಿ ಬೋಗಿಗೂ ಹೋಗಲು ಬರುವುದಿಲ್ಲ, ಸಾಮಾನ್ಯ ಬೋಗಿಯಲ್ಲಿ ಸಿಕ್ಕಷ್ಟು ಜಾಗದಲ್ಲಿ ಹೋಗಬೇಕು.