ಕಣ್ಣಡಿಯ ಕಪ್ಪು: ಬಣ್ಣವೋ, ನೆರಳೋ, ರಕ್ತನಾಳವೋ?

ಚರ್ಮರೋಗ ವೈದ್ಯರ ಬಳಿ ಕಣ್ಣ ಕೆಳಗಿನ ಕಪ್ಪಿಗೆಂದು ಬರುವವರ ಕೈಚೀಲದಲ್ಲಿ ಸಾಮಾನ್ಯವಾಗಿ ಎರಡು ಮೂರು ಅರ್ಧ ಖಾಲಿಯಾದ ಟ್ಯೂಬುಗಳಿರುತ್ತವೆ. ಒಂದು ಔಷಧಿ ಅಂಗಡಿಯವನು ಕೊಟ್ಟದ್ದು, ಇನ್ನೊಂದು ನಾದಿನಿ ಹೇಳಿದ್ದು, ಮತ್ತೊಂದು ಮೊಬೈಲಿನಲ್ಲಿ ನೋಡಿ ತರಿಸಿದ್ದು. ಮೂರೂ ಬಿಳುಪಾಗಿಸುವ ಕ್ರೀಮುಗಳೇ. ಆದರೆ ಹಚ್ಚಿಕೊಂಡವರ ಕಪ್ಪು ಚರ್ಮದ ಬಣ್ಣದಿಂದ ಬಂದದ್ದೇ ಎಂದು ಮೊದಲು ಯಾರೂ ನೋಡಿರುವುದಿಲ್ಲ.

ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳು, ಸುಮಾರು ಅರ್ಧ ಮಿಲಿಮೀಟರು. ಅದರಡಿ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಕೆಳಗೆ ನೇರವಾಗಿ ಕಣ್ಣು ಮುಚ್ಚುವ ಸ್ನಾಯು. ಹೀಗಾಗಿ ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ದೂರದಿಂದ ಒಂದೇ ರೀತಿಯ ಕಪ್ಪಾಗಿ ಕಾಣುತ್ತವೆ. ಚರ್ಮದೊಳಗೆ ಮೆಲನಿನ್ ಹೆಚ್ಚಾಗಿ ಕಂದು ಬಣ್ಣ ಕೂತಿರಬಹುದು. ಚರ್ಮ ತೆಳುವಾಗಿ ಕೆಳಗಿನ ಸ್ನಾಯು, ರಕ್ತನಾಳಗಳು ನೀಲಿ ಅಥವಾ ನೇರಳೆಯಾಗಿ ಹೊರಗೆ ತೋರುತ್ತಿರಬಹುದು. ಇಲ್ಲವೇ ಕಣ್ಣಿನ ಒಳಮೂಲೆಯಿಂದ ಕೆನ್ನೆಯ ಕಡೆಗೆ ಇಳಿಯುವ ಹಳ್ಳದಲ್ಲಿ ಬರಿ ನೆರಳು ಬಿದ್ದಿರಬಹುದು. ಮೊದಲನೆಯದಕ್ಕೆ ಕೆಲಸ ಮಾಡುವ ಕ್ರೀಮಿಗೆ ಮೂರನೆಯದರಲ್ಲಿ ಮಾಡಲು ಏನೂ ಇಲ್ಲ.

ಯಾವುದೆಂದು ತಿಳಿಯಲು ಬೇಕಾದದ್ದು ಒಂದು ಕೈಗನ್ನಡಿ ಮತ್ತು ಹಗಲಿನ ಕಿಟಕಿ. ಸ್ನಾನದ ಮನೆಯ ಬಲ್ಬಿನ ಕೆಳಗೆ ನೋಡಬೇಡಿ. ತಲೆಯ ಮೇಲಿನಿಂದ ಬೀಳುವ ಬೆಳಕು ಎಳೆ ಹುಡುಗನ ಕಣ್ಣನ್ನೂ ಗುಳಿಬಿದ್ದ ಹಾಗೆ ತೋರಿಸುತ್ತದೆ. ಕಿಟಕಿಗೆ ಎದುರಾಗಿ ನಿಂತು ಮೊದಲು ನೇರ ನೋಡಿ, ಆಮೇಲೆ ಗಲ್ಲ ಎತ್ತಿ ಮುಖವನ್ನು ಬೆಳಕಿಗೆ ಒಡ್ಡಿ. ಹಳ್ಳದೊಳಕ್ಕೆ ಬೆಳಕು ಇಳಿಯುತ್ತಿದ್ದಂತೆ ಕಪ್ಪು ಬಹುಪಾಲು ಮಾಯವಾದರೆ ಅದು ನೆರಳು. ಮುಖ ಹೇಗೆ ತಿರುಗಿಸಿದರೂ ಕದಲದಿದ್ದರೆ ಮುಂದಿನ ಪರೀಕ್ಷೆ.

ಕೆಳರೆಪ್ಪೆಯಿಂದ ಒಂದಿಷ್ಟು ಕೆಳಗೆ, ಕೆನ್ನೆಯ ಮೇಲೆ ಬೆರಳಿಟ್ಟು ಚರ್ಮವನ್ನು ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಕಂದು ಬಣ್ಣವಾದರೆ ಚರ್ಮದ ಜೊತೆಗೇ ಸರಿಯುತ್ತದೆ, ಗಾಢತೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ರಕ್ತನಾಳವಾದರೆ ಎಳೆದಾಗ ಚರ್ಮ ಇನ್ನಷ್ಟು ತೆಳುವಾಗಿ ನೇರಳೆ ಹೆಚ್ಚುತ್ತದೆ. ಕೆಲವರಲ್ಲಿ ಒಂದೆರಡು ನೀಲಿ ಗೆರೆಗಳೇ ಎದ್ದು ಕಾಣುತ್ತವೆ. ಇನ್ನೂ ಒಂದು ಸುಳಿವು ಮೇಲ್ರೆಪ್ಪೆಯಲ್ಲಿದೆ. ಅಲ್ಲೂ ಕಪ್ಪಿದ್ದರೆ, ಕಣ್ಣಿನ ಸುತ್ತ ಕಾಡಿಗೆ ಒರೆಸಿದ ಹಾಗಿದ್ದರೆ, ಬಣ್ಣದ ಪಾಲು ಇದ್ದೇ ಇದೆ.

ಪಠ್ಯಪುಸ್ತಕದ ಹಾಗೆ ಒಂದೇ ಬಗೆ ಸಿಗುವುದು ಅಪರೂಪ. ನಮ್ಮ ಮೈಬಣ್ಣದವರಲ್ಲಿ ಬಣ್ಣದ ಪಾಲು ಸಾಮಾನ್ಯವಾಗಿ ದೊಡ್ಡದು, ಅದರ ಮೇಲೆ ಉಳಿದ ಎರಡು ಸೇರಿಕೊಂಡಿರುತ್ತವೆ. ಅದಕ್ಕೇ ಬೆರಕೆ ಕಪ್ಪಿನ ಒಬ್ಬರ ಕತೆಯನ್ನೇ ತುಸು ವಿವರವಾಗಿ ಹೇಳುತ್ತೇನೆ.

ಅವರು ಮೂವತ್ತೈದು ದಾಟಿದ ಶಾಲಾ ಶಿಕ್ಷಕಿ. ‘ನಿದ್ದೆ ಸರಿ ಮಾಡಿದೆ, ನೀರು ಕುಡಿದೆ, ಸೌತೆಕಾಯಿ ಇಟ್ಟೆ, ಏನೂ ಆಗಲಿಲ್ಲ ಡಾಕ್ಟ್ರೇ’ ಎಂದು ಮಾತು ಶುರು ಮಾಡಿದರು. ಮಾತಾಡುತ್ತಲೇ ಬಲಗೈಯ ಗೆಣ್ಣಿನಿಂದ ಕಣ್ಣು ಉಜ್ಜಿಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ. ಕೇಳಿದರೆ, ‘ಉಜ್ಜಿದೆನಾ?’ ಅಂದರು. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು, ಶಾಲೆಯ ಸುತ್ತ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಮೂಗು ಕಟ್ಟುವುದು, ತಾಯಿಗೆ ಆಸ್ತಮಾ. ಕೆಳರೆಪ್ಪೆಯ ಅಂಚಿಗೆ ಸಮಾನಾಂತರವಾಗಿ ಎರಡು ಮಡಿಕೆ ಗೆರೆಗಳಿದ್ದವು. ಅಲರ್ಜಿಯ ಮೈಯಲ್ಲಿ ಇವು ಹೆಚ್ಚು ಕಾಣುತ್ತವೆ. ಮೇಲ್ರೆಪ್ಪೆಯ ಚರ್ಮ ಒರಟಾಗಿ, ಅದರ ಸಹಜ ಗೆರೆಗಳೇ ಆಳವಾಗಿದ್ದವು. ವರ್ಷಗಟ್ಟಲೆ ಉಜ್ಜಿದ ಚರ್ಮ ಹೀಗಾಗುತ್ತದೆ. ಉಜ್ಜಿದಷ್ಟೂ ಉರಿಯೂತ, ಉರಿಯೂತ ಇದ್ದಷ್ಟೂ ಮೆಲನಿನ್.

ಎಳೆದು ನೋಡಿದಾಗ ಕಂದು ಹಾಗೇ ಉಳಿಯಿತು, ಆದರೆ ಅದರಡಿ ಒಂದು ಕೆಂಪು–ನೇರಳೆ ಛಾಯೆ ಎದ್ದಿತು. ಇದಕ್ಕೆ ಎರಡು ಕಾರಣ. ಮೂಗಿನ ಒಳಪೊರೆ ಊದಿಕೊಂಡಾಗ ಕಣ್ಣಡಿಯ ಅಭಿಧಮನಿಗಳಿಂದ ರಕ್ತ ಸರಾಗವಾಗಿ ಹಿಂದಿರುಗುವುದಿಲ್ಲ. ಅವು ತುಂಬಿಕೊಂಡು ನೀಲಿಯಾಗಿ ತೋರುತ್ತವೆ. ಅಲರ್ಜಿಯ ಮಕ್ಕಳು ಏಟು ತಿಂದವರ ಹಾಗೆ ಕಾಣುವುದೂ ಇದರಿಂದಲೇ. ಎರಡನೆಯ ಕಾರಣ ಅವರ ಚೀಲದಲ್ಲಿತ್ತು. ಬಹಳ ಕಾಲದಿಂದ ಹಚ್ಚುತ್ತಿದ್ದ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಮೂರು ಹೆಸರು: ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೆಯದು ಸ್ಟಿರಾಯ್ಡ್. ಮೊದಲ ಕೆಲವು ವಾರ ಇದು ಚೆನ್ನಾಗಿಯೇ ಬಿಳುಪು ತರುತ್ತದೆ, ಜನ ಮರುಳಾಗುವುದೂ ಅದಕ್ಕೇ. ಆಮೇಲೆ ಚರ್ಮ ಇನ್ನೂ ತೆಳುವಾಗಿ ನಾಳಗಳು ಹಿಗ್ಗುತ್ತವೆ. ರೆಪ್ಪೆಯ ಮೇಲೆ ಬಹುಕಾಲ ಹಚ್ಚಿದ ಸ್ಟಿರಾಯ್ಡ್ ಕಣ್ಣಿನೊಳಗಿನ ಒತ್ತಡವನ್ನೂ ಏರಿಸಬಲ್ಲದು, ಪೊರೆಯನ್ನೂ ತರಬಲ್ಲದು. ಹೈಡ್ರೊಕ್ವಿನೋನ್ ಕೂಡ ಮಿತಿ ಮೀರಿ ಬಳಸಿದರೆ ನೀಲಿಗಪ್ಪು ಕಲೆಯನ್ನು ತಾನೇ ಉಂಟುಮಾಡುತ್ತದೆ, ಅದು ಸುಲಭಕ್ಕೆ ಹೋಗುವುದಲ್ಲ. ಚೀಟಿಯಿಲ್ಲದೆ ಈ ಟ್ಯೂಬು ಕೈಗೆ ಸಿಗುವುದೇ ನನ್ನ ದೊಡ್ಡ ತಕರಾರು.

ಗಲ್ಲ ಎತ್ತಿಸಿದಾಗ ಒಳಮೂಲೆಯ ಕಡೆ ಕಪ್ಪು ಸ್ವಲ್ಪ ತಿಳಿಯಾಯಿತು. ಅಂದರೆ ಹಳ್ಳವೂ ಇತ್ತು.

ಮೂರಕ್ಕೂ ಒಟ್ಟಿಗೆ ಮದ್ದು ಶುರು ಮಾಡಲಿಲ್ಲ. ಹಳೆಯ ಟ್ಯೂಬು ನಿಲ್ಲಿಸಿ, ಕಣ್ಣಿನ ಡಾಕ್ಟರ ಬಳಿ ಒತ್ತಡ ಪರೀಕ್ಷಿಸಿಕೊಂಡು ಬರಲು ಹೇಳಿದ್ದಾಯಿತು. ಅದು ಸರಿಯಿತ್ತು. ಆಮೇಲಿನ ಮೊದಲ ಚಿಕಿತ್ಸೆ ಕಣ್ಣಿಗಲ್ಲ, ಮೂಗಿಗೆ: ದಿನವೂ ಮೂಗಿಗೆ ಹೊಡೆಯುವ ಸ್ಪ್ರೇ, ರಾತ್ರಿ ಅಲರ್ಜಿಯ ಒಂದು ಮಾತ್ರೆ. ತುರಿಕೆ ಬಂದಾಗ ಉಜ್ಜುವ ಬದಲು ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡುವುದು. ಒರಟಾದ ರೆಪ್ಪೆಗೆ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಕೆಲವು ವಾರ, ಮೇಲೆ ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್. ಸ್ಟಿರಾಯ್ಡ್ ಬಿಟ್ಟ ಮೊದಲ ದಿನಗಳಲ್ಲಿ ಕೆಂಪು, ಉರಿ ಹೆಚ್ಚಾಗುತ್ತದೆಂದು ಮೊದಲೇ ಹೇಳಿದ್ದರಿಂದ ಅವರು ಹೆದರಿ ಹಳೆಯ ಟ್ಯೂಬಿಗೆ ವಾಪಸು ಹೋಗಲಿಲ್ಲ. ಎಷ್ಟೋ ಜನ ಸೋಲುವುದು ಇಲ್ಲೇ.

ಬಿಸಿಲಿಗೆ ಕೊಟ್ಟದ್ದು ಬಣ್ಣವಿರುವ ಸನ್‌ಸ್ಕ್ರೀನ್. ಅದರಲ್ಲಿ ಐರನ್ ಆಕ್ಸೈಡ್ ಇರುತ್ತದೆ. ಕಂದು ಚರ್ಮದಲ್ಲಿ ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಮೆಲನಿನ್ ಹೆಚ್ಚಿಸುತ್ತದೆ. ಬಿಳಿ ಸನ್‌ಸ್ಕ್ರೀನ್ ಅದನ್ನು ಹೆಚ್ಚು ತಡೆಯದು, ಐರನ್ ಆಕ್ಸೈಡ್ ತಡೆಯುತ್ತದೆ.

ಎರಡು ತಿಂಗಳಿಗೆ ಸೀನು, ತುರಿಕೆ ನಿಂತು ನೇರಳೆ ಛಾಯೆ ಇಳಿದಿತ್ತು. ಬಣ್ಣದ ಕ್ರೀಮು ಬಂದದ್ದು ಆಮೇಲೆ. ಉರಿಯೂತ ಇರುವಾಗ ಅದನ್ನು ಹಚ್ಚಿದರೆ ಚರ್ಮ ಕೆರಳಿ ಇನ್ನಷ್ಟು ಕಪ್ಪಾಗುತ್ತದೆ. ನಿಂಬೆರಸ ಹಚ್ಚಿಕೊಂಡವರಿಗೆ ಆಗುವುದೂ ಇದೇ. ಅಜೆಲಾಯಿಕ್ ಆಸಿಡ್ ದಿನ ಬಿಟ್ಟು ದಿನ, ಆಮೇಲೆ ಕಡಿಮೆ ಶಕ್ತಿಯ ರೆಟಿನಾಲ್ ವಾರಕ್ಕೆ ಎರಡು ರಾತ್ರಿ, ಎರಡೂ ಕಣ್ಣಿಗೆ ಸೇರಿ ಒಂದು ಹೆಸರುಕಾಳಿನಷ್ಟು, ರೆಪ್ಪೆಯ ಅಂಚಿಗೆ ತಾಗದಂತೆ ಮೂಳೆಯ ಮೇಲೆ. ರೆಟಿನಾಲ್ ಬಣ್ಣವನ್ನು ಸ್ವಲ್ಪ ತಿಳಿಗೊಳಿಸುವುದರ ಜೊತೆಗೆ ತಿಂಗಳುಗಳಲ್ಲಿ ಚರ್ಮವನ್ನು ತುಸು ದಪ್ಪ ಮಾಡುತ್ತದೆ, ನಾಳಗಳು ಮರೆಯಾಗಲು ಅದೂ ಅನುಕೂಲ. ಗರ್ಭಿಣಿಯರಿಗೆ ಅದು ಬೇಡ.

ನಾಲ್ಕೈದು ತಿಂಗಳಿಗೆ ಮೇಲ್ರೆಪ್ಪೆ ಎದ್ದು ಕಾಣುವಷ್ಟು ತಿಳಿಯಾಯಿತು. ಆಗ ಅವರು ಬೇರೆಯೇ ದೂರು ತಂದರು: ‘ಒಳಗಡೆ ಗುಳಿ ಜಾಸ್ತಿಯಾದ ಹಾಗಿದೆ.’ ಗುಳಿ ಹೆಚ್ಚಾಗಿರಲಿಲ್ಲ. ಸುತ್ತಲಿನ ಕಂದು ಹೋದ ಮೇಲೆ ಅದುವರೆಗೆ ಅದರಲ್ಲಿ ಬೆರೆತಿದ್ದ ನೆರಳು ಒಂಟಿಯಾಗಿ ಕಾಣಿಸಿತು, ಅಷ್ಟೆ.

ನೆರಳಿಗೆ ಯಾವ ಕ್ರೀಮೂ ಇಲ್ಲ. ಹಳ್ಳ ತುಂಬಬೇಕು, ಇಲ್ಲವೇ ಮೇಲಿನ ಉಬ್ಬನ್ನು ಇಳಿಸಬೇಕು. ತುಂಬಲು ಹಯಲುರಾನಿಕ್ ಆಸಿಡ್ ಜೆಲ್‌ನ ಇಂಜೆಕ್ಷನ್ ಇದೆ. ಎರಡೂ ಕಣ್ಣಿಗೆ ಸೇರಿ ಒಂದು ಮಿಲಿಲೀಟರು, ಹಲವರಿಗೆ ಅದಕ್ಕೂ ಕಡಿಮೆ ಸಾಕು. ಅದನ್ನು ಆಳದಲ್ಲಿ, ಮೂಳೆಯ ಹತ್ತಿರ ಇಡಬೇಕು. ಚರ್ಮದಡಿ ಮೇಲೆಯೇ ಉಳಿದರೆ ಬೆಳಕು ಚದುರಿ ಅದೇ ಜಾಗ ನೀಲಿಯಾಗಿ ಕಾಣುತ್ತದೆ. ಕಪ್ಪು ತೆಗೆಸಲು ಹೋಗಿ ನೀಲಿ ತಂದುಕೊಂಡ ಹಾಗೆ. ಜೆಲ್ ನೀರು ಹಿಡಿದು ಬೆಳಿಗ್ಗೆ ಬೆಳಿಗ್ಗೆ ಊದಿಕೊಳ್ಳುವುದೂ ಉಂಟು. ತೀರಾ ಅಪರೂಪಕ್ಕೆ ಅದು ರಕ್ತನಾಳದೊಳಗೆ ಹೊಕ್ಕು ದೃಷ್ಟಿಯೇ ಹೋದದ್ದಿದೆ. ಜೆಲ್ ಕರಗಿಸುವ ಹಯಲುರಾನಿಡೇಸ್ ಮದ್ದು ಕೈಗೆಟುಕುವಂತೆ ಇಟ್ಟುಕೊಂಡಿರುವ ವೈದ್ಯರಲ್ಲಿ ಮಾತ್ರ ಇದನ್ನು ಮಾಡಿಸಬೇಕು. ಬ್ಯೂಟಿ ಪಾರ್ಲರಿನ ಕೆಲಸ ಇದಲ್ಲ. ಕೆಳರೆಪ್ಪೆಯ ಕೊಬ್ಬು ಮುಂದಕ್ಕೆ ಉಬ್ಬಿ ಚೀಲದಂತಾಗಿ, ಅದರ ಕೆಳಗೆ ನೆರಳು ಬೀಳುವ ವಯಸ್ಸಾದವರಿಗೆ ಇಂಜೆಕ್ಷನ್‌ಗಿಂತ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ: ಉಬ್ಬಿದ ಕೊಬ್ಬನ್ನೇ ಹಳ್ಳದ ಕಡೆ ಸರಿಸಿ ಹೊಲಿಯುತ್ತಾರೆ.

ಶಿಕ್ಷಕಿ ಇಷ್ಟೆಲ್ಲ ಕೇಳಿ ಇಂಜೆಕ್ಷನ್ ಬೇಡವೆಂದರು. ಮದುವೆ ಮುಂಜಿಗೆ ಹೋಗುವಾಗ ಪೀಚ್ ಬಣ್ಣದ ಕನ್ಸೀಲರ್ ಹಚ್ಚುತ್ತಾರೆ. ನೀಲಿ, ಕಂದು ಎರಡನ್ನೂ ಆ ಕಿತ್ತಳೆ ಛಾಯೆ ಮರೆಮಾಡುತ್ತದೆ. ಹಳ್ಳವನ್ನು ಮಾತ್ರ ಅದು ಮುಚ್ಚದು.

ನಿದ್ದೆಯ ಮಾತು ಪೂರಾ ಸುಳ್ಳಲ್ಲ. ನಿದ್ದೆಗೆಟ್ಟ ಮರುದಿನ ಮುಖ ಬಿಳಿಚಿ ಕೆಳಗಿನ ನಾಳಗಳು ಎದ್ದು ತೋರುತ್ತವೆ, ರೆಪ್ಪೆ ಊದಿ ಅದರಡಿ ನೆರಳೂ ಬೀಳುತ್ತದೆ. ತಣ್ಣನೆಯ ಸೌತೆಕಾಯಿಯೋ ಕೆಫೀನ್ ಇರುವ ಜೆಲ್ಲೋ ಆ ಊತವನ್ನು ಕೆಲವು ಗಂಟೆ ಇಳಿಸಬಲ್ಲದು. ವರ್ಷಗಳಿಂದ ಕೂತ ಕಂದಿಗೆ ಇವಾವುವೂ ನಾಟುವುದಿಲ್ಲ. ರಕ್ತಹೀನತೆಯೂ ಹಾಗೆಯೇ. ಹಿಮೋಗ್ಲೋಬಿನ್ ಕಡಿಮೆಯಿದ್ದು ಮುಖ ಬಿಳಿಚಿಕೊಂಡವರಲ್ಲಿ ಕಬ್ಬಿಣದ ಮಾತ್ರೆಯಿಂದ ವ್ಯತ್ಯಾಸ ಕಾಣಬಹುದು, ಉಳಿದವರಿಗೆ ಅದರಿಂದ ಸಿಗುವುದು ಮಲಬದ್ಧತೆ ಮಾತ್ರ.

ಬಣ್ಣವೆಲ್ಲ ಒಂದೇ ಆಳದಲ್ಲಿರುವುದಿಲ್ಲ ಎಂಬುದೂ ನೆನಪಿರಬೇಕು. ಚರ್ಮದ ಮೇಲ್ಪದರದಲ್ಲಿದ್ದರೆ ಕಂದು, ಒಳಪದರಕ್ಕೆ ಇಳಿದಿದ್ದರೆ ಬೂದುಗಪ್ಪು. ವುಡ್ಸ್ ಲ್ಯಾಂಪ್ ಎಂಬ ನೇರಳೆ ಬೆಳಕಿನಡಿ ಮೇಲ್ಪದರದ್ದು ಎದ್ದು ಕಾಣುತ್ತದೆ, ಒಳಗಿನದು ಹಾಗೆ ಎದ್ದು ತೋರದು. ಒಳಗಿನದಕ್ಕೆ ಕ್ರೀಮು ತಲುಪುವುದು ಕಷ್ಟ. ಲೇಸರ್ ಇದೆ, ಆದರೆ ನಮ್ಮ ಚರ್ಮದಲ್ಲಿ ಶಕ್ತಿ ತುಸು ಹೆಚ್ಚಾದರೂ ಸುಟ್ಟ ಜಾಗ ಮತ್ತೆ ಕಪ್ಪಾಗಿ ಮೊದಲಿಗಿಂತ ಕೆಡುತ್ತದೆ. ಇನ್ನು ಕಣ್ಣ ಸುತ್ತಲಿನ ಕಪ್ಪಿನ ಜೊತೆಗೆ ಕತ್ತಿನ ಹಿಂಭಾಗ, ಕಂಕುಳಲ್ಲೂ ಮಖಮಲ್ಲಿನಂತೆ ದಪ್ಪ ಕಪ್ಪಿದ್ದರೆ ಕ್ರೀಮು ಕೊಳ್ಳುವ ಮೊದಲು ರಕ್ತದ ಸಕ್ಕರೆ ನೋಡಿಸಬೇಕು.

ಅರವತ್ತು ದಾಟಿದವರ ಬಗ್ಗೆ ಒಂದು ಮಾತು. ಗ್ಲಾಕೋಮಾಕ್ಕೆಂದು ಲೆಟನೊಪ್ರೋಸ್ಟ್, ಬೈಮೆಟೊಪ್ರೋಸ್ಟ್ ಹನಿ ಹಾಕುವವರಲ್ಲಿ ರೆಪ್ಪೆ ಕಪ್ಪಾಗುವುದೂ, ಕೊಬ್ಬು ಕರಗಿ ಕಣ್ಣು ಗುಳಿಬೀಳುವುದೂ ಉಂಟು. ಒಂದೇ ಕಣ್ಣಿಗೆ ಹನಿ ಹಾಕುವವರಲ್ಲಿ ಎರಡು ಕಣ್ಣಿನ ವ್ಯತ್ಯಾಸ ಫೋಟೋದಲ್ಲೂ ಗೊತ್ತಾಗುತ್ತದೆ. ಔಷಧಿ ಬದಲಿಸಿದರೆ ಬಹುಪಾಲು ಮೊದಲಿನಂತಾಗುತ್ತದೆ. ಆದರೆ ಬದಲಿಸಬೇಕಾದವರು ಕಣ್ಣಿನ ಡಾಕ್ಟರು. ಕಪ್ಪಾಯಿತೆಂದು ತಾವೇ ಹನಿ ನಿಲ್ಲಿಸಿದರೆ ಒತ್ತಡ ಏರಿ ಕಣ್ಣಿನ ನರ ಸಾಯುತ್ತದೆ, ಹಾಗೆ ಹೋದ ನೋಟ ಮತ್ತೆ ಬರುವುದಿಲ್ಲ.