ಗಡಿನಾಡಿನ ತೊಗರಿ ವಿಡಿಯೊಗಳು: ಬಿಟ್ಟುಹೋದ ಪ್ರಶ್ನೆಯನ್ನು ಹುಡುಕುವ ಬಗೆ

 

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಕನ್ನಡ ಮಾತಾಡುವ ರೈತರಿಗಾಗಿ ತೊಗರಿ ಕುರಿತು ಒಂದು ಯೂಟ್ಯೂಬ್ ಚಾನೆಲ್ ಶುರು ಮಾಡ್ತೀವಿ ಅಂತ ಇಟ್ಕೊಳ್ಳಿ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಈ ಬೆಳೆ ಬಗ್ಗೆ ಕನ್ನಡದಲ್ಲೂ ತೆಲುಗಿನಲ್ಲೂ ವಿಡಿಯೊಗಳಿವೆ. ಹಾಗಾದ್ರೆ ನಾವು ಹೊಸದಾಗಿ ಹೇಳೋದೇನು?

ಮೊದಲು ಐದು ಚಾನೆಲ್ ಆರಿಸಿ, ಒಂದೊಂದರಿಂದ ಇಪ್ಪತ್ತು ವಿಡಿಯೊ ತಗೊಂಡು ಪಟ್ಟಿ ಮಾಡಬೇಕು. ಶೀರ್ಷಿಕೆಯ ಮುಂದೆ 'ಈ ವಿಡಿಯೊ ಯಾವ ಪ್ರಶ್ನೆಗೆ ಉತ್ತರ ಕೊಡ್ತದೆ' ಅಂತ ಒಂದೇ ವಾಕ್ಯ ಬರೀಬೇಕು. ನೋಟಗಳ ಸಂಖ್ಯೆಯನ್ನು ಬೇರೆ ಚಾನೆಲ್ ಜೊತೆ ಹೋಲಿಸಬಾರದು. ದೊಡ್ಡ ಚಾನೆಲ್‌ಗೆ ಯಾವಾಗಲೂ ಹೆಚ್ಚೇ ಇರ್ತದೆ. ಅದೇ ಚಾನೆಲ್‌ನ ಉಳಿದ ವಿಡಿಯೊಗಳಿಗಿಂತ ಯಾವುದು ಬಹಳ ಮುಂದೆ ಹೋಗಿದೆ ಅಂತ ನೋಡಬೇಕು. ಜನರ ಆಸಕ್ತಿ ಅಲ್ಲಿ ಕಾಣ್ತದೆ.

ಆಮೇಲೆ ಆ ವಿಡಿಯೊಗಳ ಕೆಳಗೆ ನೋಡುಗರು ಬರೆದದ್ದನ್ನು ಓದಬೇಕು. ನೆಟೆ ರೋಗದ ಉದಾಹರಣೆ ತಗೊಳ್ಳೋಣ. ವಿಡಿಯೊದವರು ಔಷಧಿ ಹೆಸರು ಹೇಳಿರ್ತಾರೆ. ರೈತ ಕೇಳೋದು ಬೇರೆ: "ನನ್ನ ಗಿಡ ಒಣಗಿದ್ದು ನೀರಿಲ್ಲದಕ್ಕೋ, ರೋಗಕ್ಕೋ?" ಅದಕ್ಕೆ ಉತ್ತರ ಇಲ್ಲದಿದ್ರೆ ಅದೇ ಬಿಟ್ಟುಹೋದ ಜಾಗ. ನಾವು ಹೊಲಕ್ಕೆ ಹೋಗಿ, ಒಣಗಿದ ಗಿಡದ ಕಾಂಡ ಉದ್ದಕ್ಕೆ ಸೀಳಿ, ಒಳಗಿನ ಕಂದು-ಕಪ್ಪು ಗೆರೆ ತೋರಿಸಬಹುದು. ಗೆರೆ ಇದ್ರೆ ನೆಟೆ ರೋಗದ ಗುರುತು. ಆ ಶಿಲೀಂಧ್ರ ಮಣ್ಣಿನಲ್ಲೇ ಉಳೀತದೆ. ಹೀಗಾಗಿ ಒಣಗಿದ ಮೇಲೆ ಎಲೆಗೆ ಸಿಂಪಡಿಸಿ ಉಪಯೋಗ ಇಲ್ಲ.

ಗಡಿಯದೇ ಇನ್ನೊಂದು ಖಾಲಿ ಜಾಗ ಇದೆ. ಕನ್ನಡ ವಿಡಿಯೊ 'ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ' ಅಂದ್ರೆ, ತಾಂಡೂರಿನ ರೈತ ಎಲ್ಲಿಗೆ ಹೋಗಬೇಕು? ಅದು ಕರ್ನಾಟಕದ ಏರ್ಪಾಡು. ತೆಲಂಗಾಣದಲ್ಲಿ ಇರೋದು ರೈತು ವೇದಿಕೆ. ತಾಂಡೂರಿನಲ್ಲೇ ಕೃಷಿ ಸಂಶೋಧನಾ ಕೇಂದ್ರವೂ ಇದೆ. ಭಾಷೆ ಕನ್ನಡ, ಆಡಳಿತ ತೆಲಂಗಾಣದ್ದು. ಈ ಎರಡೂ ಕೂಡಿದ ಉತ್ತರ ಇದೆಯಾ ಅಂತ ಪಟ್ಟಿಯಲ್ಲಿ ನೋಡಬೇಕು.

ಆದ್ರೆ ಖಾಲಿ ಜಾಗ ಎಲ್ಲಾ ಬೇಕಾದ ಜಾಗ ಅಲ್ಲ. ಯಾರೂ ಕೇಳದ ವಿಷಯವೂ ಖಾಲಿಯೇ ಇರ್ತದೆ. ಒಂದೇ ಪ್ರಶ್ನೆ ಬೇರೆ ಬೇರೆ ಚಾನೆಲ್‌ಗಳಲ್ಲಿ, ಬೇರೆ ಬೇರೆ ಜನರಿಂದ ಬಂದಿದ್ರೆ ಮಾತ್ರ ನಂಬಬೇಕು. ಮಾರುಕಟ್ಟೆಗೆ ಬಂದ ನಾಲ್ಕು ರೈತರನ್ನು ಕೇಳಿದ್ರೆ ಇನ್ನೂ ಒಳ್ಳೇದು.

ಪ್ರಶ್ನೆ (ಸಹಪಾಠಿ): ತೆಲುಗು ವಿಡಿಯೊವನ್ನೇ ಕನ್ನಡಕ್ಕೆ ತಂದ್ರೆ ಸಾಕಲ್ವಾ? ಕನ್ನಡದಲ್ಲಿ ಅದು ಇಲ್ಲವಲ್ಲ.

ಉತ್ತರ: ನನಗೂ ಮೊದಲು ಹಂಗೇ ಅನಿಸಿತ್ತು. ಆದ್ರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದದ ಹಕ್ಕೂ ಕೃತಿಯ ಒಡೆಯರದೇ. ವಿಷಯ, ಮಾಹಿತಿ ಯಾರ ಸ್ವತ್ತೂ ಅಲ್ಲ. ಅದನ್ನು ಹೇಳಿದ ರೀತಿಗೆ ಹಕ್ಕಿದೆ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ್ದೂ ಇದನ್ನೇ. ಹೀಗಾಗಿ ಪಟ್ಟಿಯಿಂದ ಪ್ರಶ್ನೆಯನ್ನಷ್ಟೇ ತಗೊಳ್ಳಿ, ವಿಡಿಯೊ ಮುಚ್ಚಿ, ಉತ್ತರಕ್ಕೆ ಹೊಲಕ್ಕೂ ಸಂಶೋಧನಾ ಕೇಂದ್ರಕ್ಕೂ ಹೋಗಿ. ಬರೆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಉದಾಹರಣೆಗಳು ಅದೇ ಕ್ರಮದಲ್ಲಿ ಬಂದಿದ್ರೆ, ಮಾತು ಬದಲಾದ್ರೂ ಅದು ನಕಲೇ.