ಮೂರು ವರ್ಷದ ಖರ್ಚು ಒಂದೇ ಹಾಳೆಯಲ್ಲಿ

ಹಿರಿಯೂರು ತಾಲ್ಲೂಕಿನ 20 ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯ ನಡೆಸಲು ಒಂದು ಚಿಕ್ಕ ಟ್ರಸ್ಟ್ ಮುಂದಾಗಿದೆ ಎಂದಿಟ್ಟುಕೊಳ್ಳೋಣ. ಐದು ಶಾಲೆಗೆ ಒಬ್ಬರಂತೆ ನಾಲ್ವರು ಕಾರ್ಯಕರ್ತರು, ಪುಸ್ತಕ, ಪುಸ್ತಕ ಇಡಲು ಕಪಾಟು, ಕಾರ್ಯಕರ್ತರ ಓಡಾಟ: ಖರ್ಚು ಇಷ್ಟೇ. ಅವಧಿ 3 ವರ್ಷ, ಹಣ ಕೊಡುವುದು ಒಂದು ಕಂಪನಿಯ ಸಿಎಸ್‌ಆರ್ ನಿಧಿ. ಟ್ರಸ್ಟಿನವರು ಇಂದಿನ ಸಂಬಳ, ಇಂದಿನ ಬೆಲೆಯಲ್ಲೇ ಮೂರೂ ವರ್ಷದ ಲೆಕ್ಕ ಹಾಕಿ 41,44,000 ರೂಪಾಯಿ ಕೇಳುತ್ತಾರೆ. ಕೇಳಿದಷ್ಟೂ ಮಂಜೂರಾಗುತ್ತದೆ. ಆದರೆ ಸಂಬಳ ವರ್ಷಕ್ಕೆ ಶೇ 7, ಉಳಿದ ಬೆಲೆಗಳು ಶೇ 5ರಂತೆ ಏರಿದರೆ ಅದೇ ಕೆಲಸಕ್ಕೆ 43,76,034 ರೂಪಾಯಿ ಬೇಕು. ಕಡಿಮೆ ಬಿದ್ದ 2,32,034 ರೂಪಾಯಿ ಮೂರನೆಯ ವರ್ಷದಲ್ಲಿ ಒಬ್ಬ ಕಾರ್ಯಕರ್ತೆಯ 11 ತಿಂಗಳ ಸಂಬಳಕ್ಕೆ ಸಮ. ಅಂದರೆ ಐದು ಶಾಲೆಗಳ ಗ್ರಂಥಾಲಯಕ್ಕೆ ಆ ವರ್ಷ ನೋಡಿಕೊಳ್ಳುವವರೇ ಇರುವುದಿಲ್ಲ.

ಬಹುವರ್ಷದ ಬಜೆಟ್ ಬರೆಯುವ ಕ್ರಮ ಇಂಥ ಕೊರತೆಯನ್ನು ಮೊದಲೇ ಕಣ್ಣಿಗೆ ಕಾಣಿಸಬೇಕು. ಸಿಎಸ್‌ಆರ್ ನಿಯಮಗಳ ಪ್ರಕಾರ ಒಂದು ಕಂಪನಿ ಮುಂದುವರಿಯುವ ಯೋಜನೆಯನ್ನು ಆರಂಭದ ಹಣಕಾಸು ವರ್ಷ ಬಿಟ್ಟು ಹೆಚ್ಚೆಂದರೆ 3 ವರ್ಷ ನಡೆಸಬಹುದು. ಹಾಗಾಗಿ ಹಳ್ಳಿಗಳಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೂ ಈಗ ಮೂರು ಕಾಲಮ್ಮಿನ ಹಾಳೆ ಬೇಕಾಗುತ್ತದೆ. ಮೇಲಿನ ಟ್ರಸ್ಟಿನ ಹಾಳೆ ಸರಿಯಾಗಿ ಬರೆದರೆ ಹೀಗಿರುತ್ತದೆ:

| ಬಾಬ್ತು | 2026-27 | 2027-28 | 2028-29 | ಒಟ್ಟು |
|---|---|---|---|---|
| ಸಂಬಳ | 8,64,000 | 9,24,480 | 9,89,194 | 27,77,674 |
| ಪುಸ್ತಕ | 5,00,000 | 1,68,000 | 1,76,400 | 8,44,400 |
| ಕಪಾಟು | 3,00,000 | 0 | 0 | 3,00,000 |
| ಪ್ರಯಾಣ | 1,44,000 | 1,51,200 | 1,58,760 | 4,53,960 |
| ವರ್ಷದ ಒಟ್ಟು | 18,08,000 | 12,43,680 | 13,24,354 | 43,76,034 |
| ಸಂಚಿತ ಒಟ್ಟು | 18,08,000 | 30,51,680 | 43,76,034 | |

ಮೊದಲ ವರ್ಷದ ಅಂಕಿಗಳು ಎಲ್ಲಿಂದ ಬಂದವು ಎಂಬುದೂ ಹಾಳೆಯಲ್ಲೇ ಇರಬೇಕು. ಬಾಬ್ತಿನ ಪಕ್ಕದಲ್ಲಿ ‘ಲೆಕ್ಕದ ಆಧಾರ’ ಎಂಬ ಒಂದು ಕಾಲಂ ಇಟ್ಟು, ‘4 ಜನ × ತಿಂಗಳಿಗೆ 18,000 × 12 ತಿಂಗಳು’ ಎಂದು ಬರೆದರೆ ಓದುವವರಿಗೆ ಬೇರೆ ವಿವರಣೆ ಬೇಡ. ಪುಸ್ತಕಕ್ಕೆ ಮೊದಲ ವರ್ಷ ಶಾಲೆಗೆ 25,000, ಮುಂದಿನ ವರ್ಷಗಳಲ್ಲಿ ಹರಿದವುಗಳ ಬದಲಿಗೆ ಮತ್ತು ಹೊಸತಕ್ಕೆ ಇಂದಿನ ಬೆಲೆಯಲ್ಲಿ ಶಾಲೆಗೆ 8,000. ಕಪಾಟಿಗೆ ಶಾಲೆಗೆ 15,000, ಒಂದೇ ಸಲ. ಪ್ರಯಾಣಕ್ಕೆ ತಲಾ ತಿಂಗಳಿಗೆ 3,000.

ಇನ್ನು ಏರಿಕೆಯ ದರಗಳು. ಇವನ್ನು ಸೂತ್ರಗಳೊಳಗೆ ಹುದುಗಿಸಬಾರದು. ಹಾಳೆಯ ತಲೆಯಲ್ಲಿ ‘ಅಂದಾಜುಗಳು’ ಎಂದು ಹೆಸರಿಟ್ಟು B2ರಲ್ಲಿ ಸಂಬಳದ ಏರಿಕೆ ಶೇ 7, B3ರಲ್ಲಿ ಬೆಲೆ ಏರಿಕೆ ಶೇ 5, B4ರಲ್ಲಿ ಪುಸ್ತಕದ ವಾರ್ಷಿಕ ಮರುಖರೀದಿ 1,60,000 ಎಂದು ಬರೆದಿಡಬೇಕು. ಸಂಬಳದ ಸಾಲು 7ನೆಯದು, 2026-27 C ಕಾಲಂ ಆದರೆ ಎರಡನೆಯ ವರ್ಷದ ಕೋಶದಲ್ಲಿ ಹೀಗೆ ಬರೆಯುವುದು:

```
=ROUND(C7*(1+$B$2),0)
```

ಇದನ್ನು ಬಲಕ್ಕೆ ನಕಲಿಸಿದರೆ ಮೂರನೆಯ ವರ್ಷ ಎರಡನೆಯ ವರ್ಷದ ಮೇಲೆ ಏರುತ್ತದೆ. ಡಾಲರ್ ಚಿಹ್ನೆ ಇರುವುದರಿಂದ ದರದ ಕೋಶ ಮಾತ್ರ ಅಲುಗದೆ ಅಲ್ಲೇ ನಿಲ್ಲುತ್ತದೆ. ಪೈಸೆ ತೆಗೆಯುವ `ROUND` ಕೂಡ ಸುಮ್ಮನೆ ಇಟ್ಟದ್ದಲ್ಲ. ಸಂಬಳದ ಮೂರನೆಯ ವರ್ಷ ನಿಜಕ್ಕೂ 9,89,193.60 ಬರುತ್ತದೆ. ಕೋಶದ ನೋಟ ಬದಲಿಸಿ ಪೈಸೆ ಮರೆಮಾಡಿದರೆ ಅದು ಒಳಗೆ ಉಳಿದೇ ಇರುತ್ತದೆ. ಅಂಥ ಹಲವು ಸಾಲುಗಳು ಕೂಡಿದಾಗ ಅಚ್ಚಾದ ಅಂಕಿಗಳನ್ನು ಕೈಯಲ್ಲಿ ಕೂಡಿಸಿದವರಿಗೆ ಒಂದೆರಡು ರೂಪಾಯಿ ವ್ಯತ್ಯಾಸ ಸಿಗುತ್ತದೆ. ಲೆಕ್ಕಪರಿಶೋಧಕರು ಆ ಒಂದು ರೂಪಾಯಿಯನ್ನು ಬಿಡುವುದಿಲ್ಲ, ಬಿಡಲೂಬಾರದು.

ಶೇ 7, ಶೇ 5 ಎಂದು ತೀರ್ಮಾನಿಸುವುದು ಹೇಗೆ? 2016ರಿಂದ ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿ ಶೇ 4, ಅತ್ತಿತ್ತ 2 ಅಂಶಗಳ ಅವಕಾಶ. ಆ ಅಳತೆ ಮನೆಖರ್ಚಿನ ಬುಟ್ಟಿಯದು, ಅದರಲ್ಲಿ ಊಟದ ಪಾಲು ದೊಡ್ಡದು. ಪುಸ್ತಕಕ್ಕೋ ಕಪಾಟಿಗೋ ಅದನ್ನೇ ಕಣ್ಣುಮುಚ್ಚಿ ಹಾಕಲಾಗದು, ಆದರೂ ಸಾಮಾನ್ಯ ಖರೀದಿಗೆ ಗುರಿಗಿಂತ ಒಂದು ಅಂಶ ಮೇಲೆ ಹಿಡಿಯುವುದು ಸಮರ್ಥಿಸಿಕೊಳ್ಳಬಹುದಾದ ಅಂದಾಜು. ಸಂಬಳದ ಲೆಕ್ಕ ಬೇರೆ. ಕರ್ನಾಟಕದ ಕನಿಷ್ಠ ವೇತನದಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಬದಲಾಗುವ ತುಟ್ಟಿಭತ್ಯೆ ಇದ್ದು, ಏಪ್ರಿಲ್‌ನಿಂದ ಹೊಸ ದರ ಬರುತ್ತದೆ. ಕೆಲಸ ಕಲಿತವರನ್ನು ಉಳಿಸಿಕೊಳ್ಳಲು ಅದರ ಮೇಲೆ ಒಂದಿಷ್ಟು ಬಡ್ತಿಯೂ ಬೇಕು. ಯಾವ ದರ ಹಿಡಿದರೂ ಅದಕ್ಕೆ ಕಾರಣ ಒಂದು ವಾಕ್ಯದಲ್ಲಿ ಪಕ್ಕದ ಕೋಶದಲ್ಲಿರಲಿ. ಎಲ್ಲ ಸಾಲಿಗೂ ಒಂದೇ ದರ ಹಾಕಿದ ಬಜೆಟ್ ಕಂಡರೆ ಹಣ ಕೊಡುವವರು ಮೊದಲು ಅಲ್ಲಿಯೇ ಪ್ರಶ್ನೆ ಎತ್ತುತ್ತಾರೆ.

ಹೆಚ್ಚು ಹಾನಿ ಮಾಡುವ ತಪ್ಪು ಮಾತ್ರ ದರದ್ದಲ್ಲ, ಎಳೆಯುವುದರದ್ದು. ಮೊದಲ ಕಾಲಂ ತುಂಬಿ, ಏರಿಕೆಯ ಸೂತ್ರವನ್ನು ಎಲ್ಲ ಸಾಲಿಗೂ ಒಂದೇ ಬಾರಿಗೆ ಬಲಕ್ಕೆ ಎಳೆದುಬಿಟ್ಟರೆ ಕಪಾಟನ್ನು ಮೂರು ಸಲ ಕೊಂಡಂತಾಗುತ್ತದೆ: 3,00,000, 3,15,000, 3,30,750. ಪುಸ್ತಕಕ್ಕೂ ವರ್ಷವರ್ಷವೂ 5 ಲಕ್ಷಕ್ಕಿಂತ ಹೆಚ್ಚು. ಎರಡೂ ಸೇರಿ 13,77,600 ರೂಪಾಯಿ ವೃಥಾ ಏರುತ್ತದೆ. ಪತ್ತೆ ಹಚ್ಚುವುದು ಸುಲಭ: ಯೋಜನೆಯ ಮೊದಲ ವರ್ಷದಲ್ಲಿ ಸಾಮಾನು ಕೊಳ್ಳುವುದು ಹೆಚ್ಚಿರುವಾಗ ಎರಡನೆಯ ವರ್ಷದ ಒಟ್ಟು ಕೆಳಗಿಳಿಯಬೇಕು. ಅದು ನೇರ ಮೇಲಕ್ಕೇ ಹೋಗಿದ್ದರೆ ಒಮ್ಮೆಯ ಖರ್ಚಿಗೆ ಏರಿಕೆ ಅಂಟಿಕೊಂಡಿದೆ ಎಂದೇ ತಿಳಿಯಬೇಕು. ಅದಕ್ಕಾಗಿ ಪುಸ್ತಕದ ಸಾಲು ಹಿಂದಿನ ವರ್ಷವನ್ನು ಹಿಡಿಯದೆ B4ನ್ನು ಹಿಡಿಯಬೇಕು. ಮೂರನೆಯ ವರ್ಷಕ್ಕೆ ಹೀಗೆ:

```
=ROUND($B$4*(1+$B$3)^2,0)
```

ಇದರ ತದ್ವಿರುದ್ಧ ತಪ್ಪು ವರ್ಷದ ನಡುವೆ ಶುರುವಾಗುವ ಯೋಜನೆಗಳಲ್ಲಿ ಆಗುತ್ತದೆ. ಟ್ರಸ್ಟಿನ ಕೆಲಸ ಜುಲೈಯಲ್ಲಿ ಆರಂಭವಾದರೆ 2026-27ರಲ್ಲಿ ಸಂಬಳ 9 ತಿಂಗಳದ್ದೇ, 6,48,000. ಆ ಮೊತ್ತಕ್ಕೆ ಶೇ 7 ಸೇರಿಸಿ ಎರಡನೆಯ ವರ್ಷಕ್ಕೆ 6,93,360 ಎಂದು ಬರೆದರೆ, ಪೂರ್ತಿ 12 ತಿಂಗಳಿಗೆ ಬೇಕಾದ 9,24,480ಕ್ಕೆ 2,31,120 ರೂಪಾಯಿ ಕಡಿಮೆ. ಏರಿಸಬೇಕಾದ್ದು ತಿಂಗಳ ದರವನ್ನು, ವರ್ಷದ ಮೊತ್ತವನ್ನಲ್ಲ. ಕಾಲಮ್ಮಿನ ತಲೆಯಲ್ಲಿ ‘ಮೊದಲ ವರ್ಷ’ ಎಂದಷ್ಟೇ ಬರೆಯದೆ ‘2026-27, ಜುಲೈ–ಮಾರ್ಚ್, 9 ತಿಂಗಳು’ ಎಂದು ಬರೆದಿದ್ದರೆ ಈ ಎಡವಟ್ಟು ಬರೆಯುವಾಗಲೇ ಕಾಣುತ್ತದೆ.

ಒಟ್ಟುಗಳನ್ನು ಎರಡು ದಾರಿಯಿಂದ ಕೂಡಿಸಬೇಕು. ಅಡ್ಡಸಾಲಿನ ಒಟ್ಟು F ಕಾಲಮ್ಮಿನಲ್ಲಿ, ವರ್ಷದ ಒಟ್ಟು 11ನೆಯ ಸಾಲಿನಲ್ಲಿ. ಎರಡೂ ಸೇರುವ ಮೂಲೆಯಲ್ಲಿ ಒಂದೇ ಅಂಕಿ ಬರಬೇಕು. ಹಾಳೆಯ ಅಂಚಿನಲ್ಲಿ ತಾಳೆ ನೋಡುವ ಒಂದು ಕೋಶ ಸಾಕು, ಅದರಲ್ಲಿ ಸದಾ ಸೊನ್ನೆ ಇರಬೇಕು:

```
=SUM(F7:F10)-SUM(C11:E11)
```

ಸೊನ್ನೆ ಕೆಡುವುದು ಹೆಚ್ಚಾಗಿ ಕೊನೆಯ ಗಳಿಗೆಯಲ್ಲಿ. ಯಾರೋ ಒಂದು ಕಾಲಮ್ಮಿನ ಸೂತ್ರದ ಮೇಲೆ ಕೈಯಿಂದ ಅಂಕಿ ಬರೆದಿರುತ್ತಾರೆ. ಆದರೆ ಈ ಕೋಶಕ್ಕೂ ಸಿಗದ ತಪ್ಪೊಂದಿದೆ. ಪ್ರಯಾಣದ ಕೆಳಗೆ ‘ತರಬೇತಿ’ ಎಂಬ ಹೊಸ ಸಾಲು ಸೇರಿಸಿದಾಗ `SUM` ಬಹಳ ಸಲ ಅದನ್ನು ಒಳಗೊಳ್ಳುವುದಿಲ್ಲ. ಎರಡೂ ದಾರಿಯಲ್ಲಿ ತರಬೇತಿ ಹೊರಗೇ ಉಳಿಯುವುದರಿಂದ ವ್ಯತ್ಯಾಸ ಸೊನ್ನೆಯಾಗಿಯೇ ಇರುತ್ತದೆ. ಒಟ್ಟಿನ ಮೇಲೆ ಒಂದು ಖಾಲಿ ಸಾಲು ಬಿಟ್ಟು, ಅದನ್ನೂ ಸೇರಿಸಿ ಕೂಡಿಸಿದರೆ ಹೊಸ ಬಾಬ್ತುಗಳು ಆ ಖಾಲಿ ಸಾಲಿನ ಮೇಲೆ, ವ್ಯಾಪ್ತಿಯ ಒಳಗೇ ಬರುತ್ತವೆ.

ಸಂಚಿತ ಒಟ್ಟಿನ ಸಾಲಿಗೆ ಮೊದಲ ಕೋಶದಲ್ಲಿ ಇದನ್ನು ಬರೆದು ಬಲಕ್ಕೆ ನಕಲಿಸಿದರೆ ಸಾಕು:

```
=SUM($C11:C11)
```

ಈ ಸಾಲನ್ನು ಅಲಂಕಾರಕ್ಕೆಂದು ಹಾಕುವವರೇ ಹೆಚ್ಚು, ನಿಜಕ್ಕೂ ಹಾಳೆಯಲ್ಲಿ ಅತಿ ಉಪಯೋಗದ ಸಾಲು ಇದು. ಕಂಪನಿ 43,76,034 ರೂಪಾಯಿಯನ್ನು ಮೂರು ಸಮ ಕಂತುಗಳಲ್ಲಿ, ವರ್ಷಕ್ಕೆ 14,58,678ರಂತೆ ಕೊಡುತ್ತೇನೆ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಮೊತ್ತ ಸರಿಯಾಗಿದೆ, ಟ್ರಸ್ಟಿನವರು ಒಪ್ಪಿಬಿಡುತ್ತಾರೆ. ಸಂಚಿತ ಸಾಲಿನ ಕೆಳಗೆ ಸಂಚಿತ ಕಂತನ್ನೂ ಬರೆದು ನೋಡಿದರೆ ಮೊದಲ ವರ್ಷದ ಕೊನೆಗೆ 3,49,322 ರೂಪಾಯಿ ಕೊರತೆ, ಎರಡನೆಯ ವರ್ಷದ ಕೊನೆಗೂ 1,34,324 ಕೊರತೆ. ಕಪಾಟು ಕೊಳ್ಳುವ ಹಣವೇ ಕೈಯಲ್ಲಿಲ್ಲದೆ ಸಾಲ ಮಾಡಬೇಕಾಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ಎರಡು ಸಾಲು ತೋರಿಸಿ, ಮೊದಲ ಕಂತು 18,08,000 ಬೇಕು ಎಂದು ಕೇಳುವುದು ಸಣ್ಣ ಸಂಸ್ಥೆಗೆ ಸಾಧ್ಯವಿರುವ ಮಾತು.

ನೋಟದ ವಿಷಯದಲ್ಲಿ ಕನ್ನಡ ಓದುಗರಿಗೆ ಒಂದು ತೊಡಕಿದೆ. ಎಕ್ಸೆಲ್ ಹಲವು ಕಂಪ್ಯೂಟರ್‌ಗಳಲ್ಲಿ 43,76,034ನ್ನು 4,376,034 ಎಂದು ತೋರಿಸುತ್ತದೆ. ಲಕ್ಷ–ಕೋಟಿಯ ಕ್ರಮ ಬೇಕಿದ್ದರೆ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಭಾರತಕ್ಕೆ ಬದಲಿಸಬಹುದು, ಇಲ್ಲವೇ ಕೋಶಗಳಿಗೆ ಈ ಮಾದರಿ ಕೊಡಬಹುದು:

```
[>=10000000]##\,##\,##\,##0;[>=100000]##\,##\,##0;##,##0
```

ಋಣ ಸಂಖ್ಯೆಗಳಿಗೆ ಇದು ನಡೆಯುವುದಿಲ್ಲ, ಕೊರತೆಯ ಸಾಲಿನಲ್ಲಿ ಹಳೆಯ ಅಲ್ಪವಿರಾಮವೇ ಬರುತ್ತದೆ. ಎಲ್ಲ ಅಂಕಿಗಳೂ ಬಲಕ್ಕೆ ಒತ್ತಿರಲಿ. ಖರ್ಚಿಲ್ಲದ ಕಡೆ ಕೋಶ ಖಾಲಿ ಬಿಡದೆ 0 ಬರೆಯಿರಿ. ಖಾಲಿ ಕೋಶ ಕಂಡವರಿಗೆ ಖರ್ಚಿಲ್ಲವೋ, ಮರೆತದ್ದೋ ತಿಳಿಯದು.

ಕೆಲಸ ಶುರುವಾದ ಮೇಲೆ ಹಾಳೆಯ ಗತಿ ಏನು ಎಂಬುದಕ್ಕೆ ಸರ್ಕಾರಗಳ ಲೆಕ್ಕದಿಂದ ಕಲಿಯುವುದಿದೆ. ಕೇಂದ್ರ ಬಜೆಟ್ಟಿನ ಪಟ್ಟಿಗಳಲ್ಲಿ ಒಂದು ಬಾಬ್ತಿಗೆ ನಾಲ್ಕು ಕಾಲಂ: ಹಿಂದಿನ ವರ್ಷದ ವಾಸ್ತವಿಕ ಲೆಕ್ಕ, ನಡೆಯುತ್ತಿರುವ ವರ್ಷದ ಬಜೆಟ್ ಅಂದಾಜು, ಅದರ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಹಣಕಾಸು ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲೇ ಮಾಡಿದ ಕರ್ನಾಟಕ, ಬಜೆಟ್ ಜೊತೆಗೆ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನೂ ಮಂಡಿಸುತ್ತದೆ. ಅದರಲ್ಲಿ ಮುಂದಿನ ವರ್ಷಗಳ ಮುನ್ನಂದಾಜುಗಳು ಹಿಂದಿನ ಲೆಕ್ಕದ ಪಕ್ಕದಲ್ಲೇ ಕೂರುತ್ತವೆ. ಟ್ರಸ್ಟಿಗೂ ಇದೇ ಕ್ರಮ ಒಗ್ಗುತ್ತದೆ. ಮಂಜೂರಾದ ಹಾಳೆಯನ್ನು ಮುಟ್ಟದೆ ಪ್ರತಿ ಮಾಡಿಕೊಂಡು, 2026-27ರ ಪಕ್ಕ ‘ನಿಜವಾದ ಖರ್ಚು’ ಎಂಬ ಕಾಲಂ ಸೇರಿಸಿ, ಉಳಿದೆರಡು ವರ್ಷಗಳ ತಲೆಯಲ್ಲಿ ‘ಪರಿಷ್ಕೃತ’ ಎಂದು ಬರೆಯುವುದು. ಆಗ ಏರಿಕೆಯ ದರ ಒಂದೇ ಕೋಶದಲ್ಲಿದ್ದರೆ ಒಂದು ತೊಂದರೆ ಎದುರಾಗುತ್ತದೆ: ಮೂರನೆಯ ವರ್ಷಕ್ಕೆಂದು B2ರಲ್ಲಿ 7 ಅಳಿಸಿ 9 ಬರೆದರೆ, ಮುಗಿದುಹೋದ ಎರಡನೆಯ ವರ್ಷದ ಅಂಕಿಯೂ ಬದಲಾಗುತ್ತದೆ. ಆದ್ದರಿಂದ ಅಂದಾಜುಗಳ ಪಟ್ಟಿಯಲ್ಲಿ ಮೊದಲಿಂದಲೇ ಪ್ರತಿ ವರ್ಷಕ್ಕೂ ಬೇರೆ ಕೋಶ ಇಟ್ಟು, ಆಯಾ ವರ್ಷದ ದರವನ್ನು ಆಯಾ ಕಾಲಮ್ಮಿನ ನೆತ್ತಿಯ ಮೇಲೇ ಬರೆದಿಡುವುದು ಹೆಚ್ಚು ಅನುಕೂಲ.